ಗುಂಪು ಬಿಡುವ ಮುನ್ನ ರಶೀದಿ ಪುಸ್ತಕ ಒಪ್ಪಿಸಿ

ಡೊಂಬಿವಲಿ, ಠಾಣೆ, ಮೀರಾ ರೋಡ್ ಕಡೆಯ ಯಾವುದಾದರೂ ಕನ್ನಡ ಸಂಘ ರಾಜ್ಯೋತ್ಸವ ಮಾಡಬೇಕೆಂದು ನಿರ್ಧರಿಸಿತು ಅಂದರೆ, ಹಾಲ್ ಬುಕ್ ಆಗುವ ಮೊದಲೇ ವಾಟ್ಸಾಪ್ ಗುಂಪು ತಯಾರಾಗಿರುತ್ತದೆ. ಹೆಸರಲ್ಲೇ ಇಸವಿ ಇರುತ್ತದೆ. ನವೆಂಬರ್ ಮುಗಿಯುವವರೆಗೆ ಆ ಗುಂಪಿನಲ್ಲಿ ನಿಜವಾದ ಕೆಲಸ ನಡೆಯುತ್ತದೆ: ಊಟದ ಎಲೆ ಎಷ್ಟು, ಮೈಕಿನವನಿಗೆ ಮುಂಗಡ ಕೊಟ್ಟವರು ಯಾರು, ಮಕ್ಕಳ ನೃತ್ಯಕ್ಕೆ ಎಷ್ಟು ನಿಮಿಷ. ಡಿಸೆಂಬರಿನಲ್ಲಿ ಫೋಟೊಗಳು ಬರುತ್ತವೆ. ಜನವರಿಯಲ್ಲಿ ಎಳ್ಳುಬೆಲ್ಲದ ಚಿತ್ರ. ಅಷ್ಟು ಹೊತ್ತಿಗೆ ಗುಂಪು ಹುಟ್ಟಿದ ಉದ್ದೇಶ ತೀರಿಹೋಗಿ, ಬೆಳಗ್ಗೆ ಐದೂವರೆಗೆ ಶುಭೋದಯ, ಮಧ್ಯಾಹ್ನ ಯಾರದೋ ಫ್ಲ್ಯಾಟ್ ಬಾಡಿಗೆಗಿದೆ, ರಾತ್ರಿ ಮೂರನೇ ಸಲ ಬಂದ ಅದೇ ಫಾರ್ವರ್ಡ್. ಗುಂಪು ಮಾಡುವುದಕ್ಕೆ ಎಲ್ಲ ಸಂಘದಲ್ಲೂ ಒಬ್ಬರು ಇರುತ್ತಾರೆ. ಮುಚ್ಚುವ ಜವಾಬ್ದಾರಿ ಮಾತ್ರ ಯಾರ ಹೆಸರಿಗೂ ಬರೆದಿರುವುದಿಲ್ಲ.

ಇಂಥ ಗುಂಪಿನಿಂದ ಹೊರಬರಲು ಹಿಂಜರಿಯುವವರ ಭಯ ಸಾಮಾನ್ಯವಾಗಿ ಒಂದೇ. ‘ಬಿಟ್ಟು ಹೋದರು’ ಎಂದು ಎಲ್ಲರಿಗೂ ಕಾಣುತ್ತದೆ, ಏನೋ ಮನಸ್ತಾಪ ಆಗಿದೆ ಎಂದುಕೊಳ್ಳುತ್ತಾರೆ. ಈ ಭಯದ ಅರ್ಧ ಭಾಗ ಹಳೆಯದು. 2022ರ ಆಗಸ್ಟ್‌ನಲ್ಲಿ ವಾಟ್ಸಾಪ್ ಈ ಪದ್ಧತಿ ಬದಲಿಸಿತು. ಈಗ ನೀವು ಹೊರಬಂದರೆ ಚಾಟಿನ ನಡುವೆ ಬರುವ ಆ ಸಾಲು ಅಡ್ಮಿನ್‌ಗಳಿಗೆ ಮಾತ್ರ ಕಾಣುತ್ತದೆ. ಉಳಿದವರ ಫೋನ್ ಸುಮ್ಮನಿರುತ್ತದೆ.

ಆದರೆ ಇಲ್ಲಿ ಎರಡು ವಿಷಯ ನೋಡಿಕೊಳ್ಳಬೇಕು. ಒಂದು, ಹೊರಹೋದವರ ಪಟ್ಟಿ ಗುಂಪಿನ ಮಾಹಿತಿ ಪುಟದ ಕೆಳಗೆ 60 ದಿನ ಉಳಿಯುತ್ತದೆ, ಅದನ್ನು ಯಾವ ಸದಸ್ಯರೂ ತೆರೆದು ನೋಡಬಹುದು. ಹುಡುಕಿಕೊಂಡು ಹೋಗುವವರು ಕಡಿಮೆ, ಆದರೆ ಪ್ರತಿ ಗುಂಪಿನಲ್ಲೂ ಅಂಥವರು ಒಬ್ಬರಾದರೂ ಇರುತ್ತಾರೆ. ಇನ್ನೊಂದು ಇದಕ್ಕಿಂತ ಮುಖ್ಯ. ನಮ್ಮ ಸಂಘಗಳಲ್ಲಿ ಅಡ್ಮಿನ್ ಅನ್ನುವುದು ಒಂದು ಮರ್ಯಾದೆಯ ಪದವಿ. ಅಧ್ಯಕ್ಷರು, ಇಬ್ಬರು ಉಪಾಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಮಹಿಳಾ ವಿಭಾಗದವರು, ಮಾಜಿ ಅಧ್ಯಕ್ಷರು, ಹೀಗೆ ಯಾರನ್ನೂ ಬಿಡುವಂತಿಲ್ಲ ಎಂದು ಎಲ್ಲರನ್ನೂ ಅಡ್ಮಿನ್ ಮಾಡಿರುತ್ತಾರೆ. 140 ಜನರ ಗುಂಪಿನಲ್ಲಿ 11 ಅಡ್ಮಿನ್ ಇದ್ದರೆ ನಿಮ್ಮ ಮೌನ ನಿರ್ಗಮನಕ್ಕೆ 11 ಸಾಕ್ಷಿಗಳು, ಅದೂ ಸಂಘದಲ್ಲಿ ಮಾತು ನಡೆಯುವ ಜನರೇ. ಹಾಗಾಗಿ ಮೊದಲು ಗುಂಪಿನ ಹೆಸರಿನ ಮೇಲೆ ಒತ್ತಿ, ಅಡ್ಮಿನ್ ಎಂದು ಬರೆದಿರುವ ಹೆಸರುಗಳನ್ನು ಎಣಿಸಿ. ಒಬ್ಬಿಬ್ಬರೇ ಇದ್ದರೆ ದಾರಿ ಸಲೀಸು. ಹನ್ನೊಂದು ಇದ್ದರೆ, ಅವರಲ್ಲಿ ಉಳಿದವರಿಗೆ ಸಮಾಧಾನ ಹೇಳಬಲ್ಲ ಒಬ್ಬರನ್ನು ಆರಿಸಿಕೊಳ್ಳಿ. ಹೇಳುವುದು ಅವರಿಗೆ ಮಾತ್ರ.

ಗುಂಪಿನಲ್ಲೇ ಎಲ್ಲರಿಗೂ ಹೇಳಿ ಹೋಗುವುದು ಸೌಜನ್ಯ ಎಂದು ಬಹಳ ಜನ ತಿಳಿದಿದ್ದಾರೆ. ದೊಡ್ಡ ಗುಂಪಿನಲ್ಲಿ ಅದು ತಿರುಗುಬಾಣ. ‘ಎಲ್ಲರಿಗೂ ನಮಸ್ಕಾರ, ಕಾರಣಾಂತರಗಳಿಂದ ಈ ಗುಂಪಿನಿಂದ ನಿರ್ಗಮಿಸುತ್ತಿದ್ದೇನೆ’ ಎಂದು ಬರೆದ ಮರುಕ್ಷಣದಿಂದ ಕಾರಣಾಂತರ ಏನು ಎಂಬುದೇ ಚರ್ಚೆ. ನಾಲ್ಕು ಜನ ಕೈಮುಗಿದ ಚಿಹ್ನೆ ಹಾಕುತ್ತಾರೆ, ಇಬ್ಬರು ‘ಯಾಕೆ ಸರ್, ಏನಾಯ್ತು’ ಎನ್ನುತ್ತಾರೆ, ಒಬ್ಬರು ‘ಒಳ್ಳೆಯವರೆಲ್ಲ ಹೋಗ್ತಾ ಇದ್ದಾರೆ’ ಎಂದು ಹಳೆಯ ಜಗಳದ ಬೂದಿ ಕೆದಕುತ್ತಾರೆ. ಸದ್ದಿನಿಂದ ಬೇಸತ್ತವರು ಹೋಗುತ್ತಾ ಅರ್ಧ ದಿನದ ಸದ್ದು ಮಾಡಿ ಹೋದಂತಾಯಿತು. ನಿಮ್ಮ ಕೈಯಲ್ಲಿ ಗುಂಪಿನ ಯಾವುದೋ ಕೆಲಸವಿದ್ದು, ಜನ ಅದಕ್ಕಾಗಿ ನಿಮ್ಮನ್ನೇ ಹುಡುಕುತ್ತಾರೆ ಎಂದಾದರೆ ಮಾತ್ರ ಗುಂಪಿನಲ್ಲಿ ಒಂದು ಸಾಲು ಬೇಕು. ಅದೂ ಕೆಲಸದ ಬಗ್ಗೆ: ‘ಬಸ್ಸಿನ ಪಟ್ಟಿ ಇನ್ನು ಮುಂದೆ ಕಾರ್ಯದರ್ಶಿಯವರ ಹತ್ತಿರ ಇದೆ, ಅವರನ್ನೇ ಕೇಳಿ.’ ನಿಮ್ಮ ನಿರ್ಗಮನದ ಸುದ್ದಿ ಅದರಲ್ಲಿ ಬೇಡ.

ನಿಜವಾಗಿ ಒರಟಾಗಿ ಕಾಣುವುದು ಬಾಕಿ ಉಳಿದ ಕೆಲಸ. ಬಿಟ್ಟು ಹೋದವರ ಬಗ್ಗೆ ಮುಂದೆ ಆಡುವ ಮಾತೆಲ್ಲ ಬಹುತೇಕ ಅಲ್ಲಿಂದಲೇ ಹುಟ್ಟುತ್ತದೆ, ಅದರಲ್ಲೂ ದುಡ್ಡಿನ ಕೆಲಸ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಠಾಣೆ ಕಡೆಯ ಒಂದು ಸಂಘ, ಮೇಲೆ ಹೇಳಿದಂತೆ 140 ಜನರ ಗುಂಪು. ಒಬ್ಬ ಸದಸ್ಯೆಗೆ ತಮ್ಮ ಸೊಸೈಟಿ ಮತ್ತು ಅಕ್ಕಪಕ್ಕದ ಎರಡು ಕಟ್ಟಡಗಳಲ್ಲಿ ವರ್ಗಣಿ ಎತ್ತುವ ಕೆಲಸ ಸಿಕ್ಕಿತ್ತು. ಕೈಗೆ ಬಂದದ್ದು 50 ಹಾಳೆಯ ಒಂದು ರಶೀದಿ ಪುಸ್ತಕ, ಸಂಖ್ಯೆ 151ರಿಂದ 200. ಕಾರ್ಯಕ್ರಮ ಮುಗಿಯುವ ಹೊತ್ತಿಗೆ 181ರವರೆಗೆ ಹರಿದಿದ್ದರು. ಅದರಲ್ಲಿ 167ನೇದು ಹೆಸರು ತಪ್ಪಾಗಿ ರದ್ದಾಗಿತ್ತು. ಒಟ್ಟು ₹46,500, ಅದರಲ್ಲಿ ₹31,000 ಜನ ನೇರವಾಗಿ ಸಂಘದ ಖಾತೆಗೆ ಯುಪಿಐ ಮಾಡಿದ್ದು, ₹15,500 ನಗದು. ನಗದನ್ನು ಹಾಲಿನ ಗದ್ದಲದಲ್ಲೇ ಖಜಾಂಚಿಯ ಕೈಗೆ ಕೊಟ್ಟಾಗಿತ್ತು. ಪುಸ್ತಕ ಮಾತ್ರ ಮನೆಯ ಡ್ರಾಯರಿನಲ್ಲಿ ಉಳಿದಿತ್ತು.

ಇವರು ಈಗ ಸುಮ್ಮನೆ ಹೊರಬಂದರೆ ಏನಾಗುತ್ತದೆ? ಅಂದು ಏನೂ ಆಗುವುದಿಲ್ಲ. ಲೆಕ್ಕಪತ್ರ ಕೂಡಿಸುವ ಹೊತ್ತಿಗೆ ಖಜಾಂಚಿಗೆ ಒಂದು ಪುಸ್ತಕ ಕಡಿಮೆ ಬೀಳುತ್ತದೆ. ಯುಪಿಐ ಪಟ್ಟಿಯಲ್ಲಿ ಹೆಸರುಗಳಿವೆ, ರಶೀದಿ ಸಂಖ್ಯೆ ಇಲ್ಲ. ನಗದಿನ ನೆನಪು ಇಬ್ಬರದೂ ಮಸುಕು. ಆಗ ಗುಂಪಿನಲ್ಲಿ ಒಬ್ಬರು ಕೇಳುತ್ತಾರೆ: ‘151ರ ಪುಸ್ತಕ ಯಾರ ಹತ್ತಿರ ಇದೆ?’ ಉತ್ತರ ಕೊಡಬೇಕಾದವರು ಗುಂಪಿನಲ್ಲೇ ಇಲ್ಲ. ಅಲ್ಲಿಂದ ಮುಂದೆ ಯಾರೂ ಏನೂ ಹೇಳಬೇಕಾಗಿಲ್ಲ. ಪ್ರಾಮಾಣಿಕವಾಗಿ ದುಡಿದವರ ಹೆಸರಿಗೆ ಮಸಿ ಬೀಳಲು ಆ ಒಂದು ಪ್ರಶ್ನೆ ಸಾಕು.

ಆದ್ದರಿಂದ ಹೊರಬರುವ ವಾರದ ಮೊದಲ ಕೆಲಸ ಪುಸ್ತಕ ಒಪ್ಪಿಸುವುದು. ಕೈಯಲ್ಲಿ ಕೊಟ್ಟ ಮೇಲೆ, ಅದೇ ದಿನ, ಖಜಾಂಚಿಗೆ ಖಾಸಗಿಯಾಗಿ ಒಂದು ಮೆಸೇಜ್:

‘ನಮಸ್ಕಾರ ಅಣ್ಣ. ರಶೀದಿ ಪುಸ್ತಕ 151ರಿಂದ 200 ಇವತ್ತು ನಿಮಗೆ ಕೊಟ್ಟೆ. 181ರವರೆಗೆ ಬಳಸಿದೆ. 167 ರದ್ದು, ಎರಡೂ ಪ್ರತಿ ಪುಸ್ತಕದಲ್ಲೇ ಇವೆ. 182ರಿಂದ ಖಾಲಿ. ಒಟ್ಟು 46,500, ಇದರಲ್ಲಿ 31,000 ಸಂಘದ ಖಾತೆಗೆ ಬಂದಿದೆ, 15,500 ನಗದು ಕಾರ್ಯಕ್ರಮದ ದಿನ ನಿಮ್ಮ ಕೈಗೆ ಕೊಟ್ಟಿದ್ದೆ. ಮುಟ್ಟಿದೆ ಅಂತ ಒಂದು ಸಾಲು ಹಾಕಿಬಿಡಿ.’

‘ಮುಟ್ಟಿದೆ’ ಎಂಬ ಆ ಒಂದು ಪದ ಬರುವವರೆಗೆ ಗುಂಪು ಬಿಡಬೇಡಿ. ಖಜಾಂಚಿಗಳು ಹೆಬ್ಬೆರಳಿನ ಚಿಹ್ನೆ ಹಾಕಿ ಸುಮ್ಮನಾಗುವುದೇ ಹೆಚ್ಚು. ಪರವಾಗಿಲ್ಲ, ಮರುದಿನ ಫೋನ್ ಮಾಡಿ ‘ಅಣ್ಣ, ಮೊತ್ತ ಸರಿ ಇದೆಯಲ್ಲ?’ ಎಂದು ಕೇಳಿ ಬರೆಸಿಕೊಳ್ಳಿ. ಇದು ಅವರ ಮೇಲಿನ ಅಪನಂಬಿಕೆಯಾಗುವುದಿಲ್ಲ, ಲೆಕ್ಕ ಪರಿಶೋಧನೆಯ ಹೊತ್ತಿಗೆ ಅವರಿಗೂ ಇದೇ ಸಾಲು ಬೇಕಾಗುತ್ತದೆ. ವರ್ಗಣಿ ಎತ್ತದವರ ಕೈಯಲ್ಲೂ ಇಂಥದ್ದೇ ಏನಾದರೂ ಇರಬಹುದು: ಬ್ಯಾನರಿನ ಡಿಸೈನ್ ಫೈಲ್, ಹಾಲಿನ ಡಿಪಾಸಿಟ್ ಚೀಟಿ, ಸಂಘದ ಸ್ಟೀಲ್ ಪಾತ್ರೆ. ಪಟ್ಟಿ ಮಾಡಿ ಒಪ್ಪಿಸುವ ಕ್ರಮ ಒಂದೇ.

ಎರಡನೆಯ ಕೆಲಸ ಅಡ್ಮಿನ್‌ಗೆ ಹೇಳುವುದು. ಇಲ್ಲಿ ಜನ ಎಡವುವುದು ಕಾರಣ ಹುಡುಕುವಾಗ. ‘ತುಂಬಾ ಮೆಸೇಜ್ ಬರ್ತವೆ’ ಎಂದರೆ ಸತ್ಯ, ಆದರೆ ಪ್ರತಿದಿನ ಬೆಳಗ್ಗೆ ಹೂವಿನ ಚಿತ್ರ ಹಾಕುವ ನಿವೃತ್ತ ಹಿರಿಯರ ಮುಖಕ್ಕೆ ಹೊಡೆದ ಹಾಗೆ. ಆ ಮಾತು ಅವರ ಕಿವಿಗೆ ಬೀಳದೇ ಇರುವುದಿಲ್ಲ. ‘ಫೋನಿನ ಮೆಮೊರಿ ತುಂಬಿದೆ’ ಎಂದರೆ, ಆಟೋ ಡೌನ್‌ಲೋಡ್ ಆಫ್ ಮಾಡುವುದು ಹೇಗೆಂದು ಕಲಿಸಲು ಒಬ್ಬರು ತಯಾರಾಗಿ ನಿಲ್ಲುತ್ತಾರೆ, ಕಲಿತ ಮೇಲೆ ನೀವು ಉಳಿಯಬೇಕು. ‘ನಂಬರ್ ಬದಲಾಯಿಸ್ತಿದ್ದೇನೆ’ ಎಂದರೆ ಹೊಸ ನಂಬರ್ ಕೇಳಿ ಅದನ್ನೇ ಸೇರಿಸುತ್ತಾರೆ. ‘ಕೆಲಸದ ಒತ್ತಡ’ ಎಂದರೆ, ಮಾರ್ಚ್ ಮುಗಿದ ಮೇಲೆ ಮತ್ತೆ ಸೇರಿಸಿದರಾಯಿತು ಎಂದು ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಈ ನೆಪಗಳಿಗೆಲ್ಲ ಒಂದೊಂದು ಪರಿಹಾರ ಇದೆ, ಮತ್ತು ನಮ್ಮ ಜನ ಪರಿಹಾರ ಕೊಡುವುದರಲ್ಲಿ ಉದಾರಿಗಳು. ಪರಿಹಾರವಿಲ್ಲದ ಕಾರಣ ಒಂದೇ: ವಹಿಸಿದ್ದ ಕೆಲಸ ಮುಗಿಯಿತು.

ಇನ್ನೊಂದು ಎಡವಟ್ಟು ಅನುಮತಿ ಕೇಳುವುದು. ‘ಗುಂಪಿನಿಂದ ಹೊರಗೆ ಹೋಗಲಾ ಅಣ್ಣ?’ ಎಂದು ಕೇಳಿದರೆ, ಊಟಕ್ಕೆ ಬಂದವರು ‘ಹೊರಡ್ಲಾ?’ ಎಂದಾಗ ಯಾವ ಮನೆಯವರೂ ‘ಹೊರಡಿ’ ಎನ್ನುವುದಿಲ್ಲವಲ್ಲ, ಹಾಗೆ. ‘ಛೆ ಛೆ, ಇರಿ, ಮ್ಯೂಟ್ ಮಾಡಿಕೊಂಡರಾಯ್ತು’ ಎನ್ನುವುದು ಅವರ ಸೌಜನ್ಯ. ಅದಾದ ಮೇಲೂ ನೀವು ಹೊರಬಂದರೆ ಮಾತು ಮೀರಿದಂತೆ. ಕೇಳಬೇಡಿ, ತಿಳಿಸಿ. ಆ ಸದಸ್ಯೆ ಕಳಿಸಬಹುದಾದ ಮೆಸೇಜ್ ಹೀಗಿರಬಹುದು:

‘ನಮಸ್ಕಾರ ಅಣ್ಣ. ನವೆಂಬರ್ ಕಾರ್ಯಕ್ರಮದ್ದು ನನಗೆ ವಹಿಸಿದ್ದ ಕೆಲಸ ಮುಗೀತು. ಪುಸ್ತಕ, ಲೆಕ್ಕ ಖಜಾಂಚಿ ಅಣ್ಣನಿಗೆ ಒಪ್ಪಿಸಿದ್ದೇನೆ, ಮುಟ್ಟಿದೆ ಅಂದಿದ್ದಾರೆ. ಇವತ್ತು ಸಂಜೆ ಸಮಿತಿಯ ಗುಂಪಿನಿಂದ ಹೊರಗೆ ಬರ್ತಿದ್ದೇನೆ. ಸಂಘದ ಸಭೆಯ ನೋಟಿಸ್ ನನ್ನ ಈಮೇಲಿಗೆ ಬರ್ತಿರಲಿ, ಅವಸರ ಇದ್ದರೆ ಫೋನ್ ಮಾಡಿ. ಯುಗಾದಿ ಕಾರ್ಯಕ್ರಮಕ್ಕೆ ಮಕ್ಕಳನ್ನೂ ಕರ್ಕೊಂಡು ಬರ್ತೇನೆ.’

ಇದರಲ್ಲಿ ಕ್ಷಮೆ ಇಲ್ಲ, ಸದ್ದಿನ ಮಾತಿಲ್ಲ. ‘ಸಮಿತಿಯ ಗುಂಪು’ ಎಂದಿರುವುದರಿಂದ ಬಿಡುತ್ತಿರುವುದು ಗುಂಪನ್ನು, ಸಂಘವನ್ನಲ್ಲ ಎಂಬುದು ಸ್ಪಷ್ಟ. ಕೊನೆಯ ಸಾಲು ನಮ್ಮ ಬಾಗಿಲ ಮಾತಿನಿಂದಲೇ ಬಂದದ್ದು. ಯಾರ ಮನೆಯಿಂದ ಎದ್ದರೂ ನಾವು ‘ಹೋಗ್ತೇನೆ’ ಎನ್ನುವುದಿಲ್ಲ, ‘ಬರ್ತೇನೆ’ ಎನ್ನುತ್ತೇವೆ. ಯಾವ ದಿನ, ಯಾವ ಕಾರ್ಯಕ್ರಮಕ್ಕೆ ಎಂದು ಸೇರಿಸಿದರೆ ಆ ‘ಬರ್ತೇನೆ’ಗೆ ತೂಕ ಬರುತ್ತದೆ. ಬರುವ ಇರಾದೆ ಇಲ್ಲದಿದ್ದರೆ ಆ ಸಾಲನ್ನು ಬಿಟ್ಟುಬಿಡಿ.

ಅಡ್ಮಿನ್ ಅರವತ್ತು ದಾಟಿದವರಾಗಿದ್ದರೆ ಬರೆಯುವುದಕ್ಕಿಂತ ಫೋನ್ ಮಾಡುವುದು ವಾಸಿ. ಎರಡು ನಿಮಿಷ ಸಾಕು, ಅದರಲ್ಲಿ ಒಂದೂವರೆ ನಿಮಿಷ ಮೊಣಕಾಲು ನೋವಿನ ವಿಚಾರಣೆಗೆ ಹೋಗುತ್ತದೆ. ಬೆಳಗ್ಗೆ ಎಂಟೂವರೆಯಿಂದ ಹತ್ತರ ನಡುವೆ ಮಾಡಬೇಡಿ, ಅವರು ಲೋಕಲಿನಲ್ಲಿ ಇಲ್ಲದಿದ್ದರೂ ನೀವು ಇರುತ್ತೀರಿ.

ಹೇಳುವುದಕ್ಕೂ ಬಿಡುವುದಕ್ಕೂ ನಡುವೆ ಕೆಲವು ಗಂಟೆ ಅಂತರ ಇರಲಿ, ದಿನ ಮಾತ್ರ ಒಂದೇ ಆಗಿರಲಿ. ಮೊದಲು ಬಿಟ್ಟು ಆಮೇಲೆ ಹೇಳಿದರೆ ಅವರು ಸ್ಕ್ರೀನ್ ಮೇಲಿನ ಸಾಲನ್ನೇ ಮೊದಲು ನೋಡಿರುತ್ತಾರೆ. ಹೇಳಿ ಮೂರು ದಿನ ಕಾದರೆ ಉಳಿದ ಹತ್ತು ಅಡ್ಮಿನ್‌ಗಳು ಒಬ್ಬೊಬ್ಬರಾಗಿ ಮನವೊಲಿಸಲು ಬರುತ್ತಾರೆ.

ದಿನದ ಆಯ್ಕೆಯಲ್ಲಿ ಒಂದು ಎಚ್ಚರ ಬೇಕು. ಸಂಘದ ಗುಂಪುಗಳಲ್ಲಿ ನಿಜಕ್ಕೂ ಬೆಲೆಯುಳ್ಳ ಸುದ್ದಿ ಎಂದರೆ ಸಾವಿನ ಸುದ್ದಿ. ಯಾರು ತೀರಿಕೊಂಡರು, ಯಾವ ಸ್ಮಶಾನ, ಎಷ್ಟು ಗಂಟೆಗೆ. ಅದರ ಕೆಳಗೆ ನೂರು ‘ಓಂ ಶಾಂತಿ’. ಅಂಥ ದಿನ ಹೊರಬಂದರೆ, ನಿಮ್ಮ ಮನಸ್ಸಿನಲ್ಲಿ ಏನಿದ್ದರೂ, ಓಂ ಶಾಂತಿಗೆ ಬೇಸತ್ತು ಹೋದರು ಎಂದೇ ಓದಿಕೊಳ್ಳುತ್ತಾರೆ. ಹದಿಮೂರು ದಿನ ಕಳೆಯಲಿ. ಹಾಗೆಯೇ ಯಾರದೋ ಚಿಕಿತ್ಸೆಗೆ ಸಹಾಯ ಕೇಳಿದ ದಿನ, ಇಬ್ಬರು ಗುಂಪಿನಲ್ಲಿ ಕಿತ್ತಾಡಿದ ದಿನ, ಸಂಘದ ಚುನಾವಣೆಯ ವಾರ, ಇವೂ ಬೇಡ. ಇಡೀ ದಿನ ಬಂದದ್ದು ಶುಭೋದಯಗಳು ಮಾತ್ರ ಎಂಬಂಥ ಒಂದು ಮಂಗಳವಾರವೋ ಬುಧವಾರವೋ ಸಿಗುತ್ತದೆ. ಅದೇ ನಿಮ್ಮ ದಿನ. ಇನ್ನು ಮುಂದೆ ಸಾವಿನ ಸುದ್ದಿ ತಪ್ಪಬಾರದು ಎಂದಿದ್ದರೆ ಗುಂಪಿನಲ್ಲಿ ಉಳಿದಿರುವ ಆಪ್ತರೊಬ್ಬರಿಗೆ ‘ಯಾರಿಗಾದರೂ ಏನಾದರೂ ಆದರೆ ಒಂದು ಫೋನ್ ಮಾಡಕ್ಕಾ’ ಎಂದು ಹೇಳಿಡಿ. ನೂರಾ ನಲವತ್ತು ಜನರ ಗುಂಪು ಮಾಡುತ್ತಿದ್ದ ಮುಖ್ಯ ಕೆಲಸ ಆ ಒಂದು ಫೋನಿನಲ್ಲಿ ಆಗುತ್ತದೆ.

ಹೊರಬರುವ ಮೊದಲು ಬೇಕಾದ ಫೈಲುಗಳನ್ನು ತೆರೆದು ಇಳಿಸಿಕೊಳ್ಳಿ. ಡೌನ್‌ಲೋಡ್ ಮಾಡದೆ ಬಿಟ್ಟ ಹಳೆಯ ಪಿಡಿಎಫ್ ಆಮೇಲೆ ಒತ್ತಿದಾಗ ಸಿಗದೇ ಹೋಗಬಹುದು. ನೀವೊಬ್ಬರೇ ಅಡ್ಮಿನ್ ಆಗಿದ್ದರೆ ಒಪ್ಪಿದ ಇನ್ನೊಬ್ಬರನ್ನು ಮೊದಲು ಅಡ್ಮಿನ್ ಮಾಡಿ. ಹಾಗೆ ಮಾಡದೆ ಬಿಟ್ಟರೆ ಆ್ಯಪ್ ತಾನೇ ಯಾರನ್ನೋ ಆರಿಸುತ್ತದೆ, ಅದು ರಾತ್ರಿಯ ಫಾರ್ವರ್ಡ್‌ಗಳ ಧಣಿಯೇ ಆಗಿರಬಹುದು. ಅಡ್ಮಿನ್‌ಗೆ ‘ನನ್ನನ್ನು ತೆಗೆದುಬಿಡಿ’ ಎಂದು ಹೇಳುವುದೂ ಬೇಡ. ತಾನಾಗಿ ಎದ್ದು ಬಂದವರಿಗೂ ಹೊರಹಾಕಿಸಿಕೊಂಡವರಿಗೂ ಜನರ ಕಣ್ಣಲ್ಲಿ ಬಹಳ ವ್ಯತ್ಯಾಸ.

ಇದೆಲ್ಲ ಸಂಘದ ಮಾತು. ನೀವು ವಾಸಿಸುವ ಹೌಸಿಂಗ್ ಸೊಸೈಟಿಯ ಗುಂಪಿಗೆ ಇದೇ ಕ್ರಮ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ‘ಕೆಲಸ ಮುಗಿಯಿತು’ ಎನ್ನುವಂತಿಲ್ಲ. ಟ್ಯಾಂಕ್ ತೊಳೆಯುವ ದಿನ, ಲಿಫ್ಟ್ ನಿಲ್ಲುವ ಹೊತ್ತು, ಟ್ಯಾಂಕರ್ ಬರುವ ಸಮಯ ಎಲ್ಲವೂ ಅಲ್ಲೇ ಬರುತ್ತದೆ, ಮೂರು ಜನರ ಪಾರ್ಕಿಂಗ್ ಜಗಳದ ನಡುವೆ ಹೂತು. ಹಾಗಾಗಿ ಅಲ್ಲಿ ಮೊದಲ ಹೆಜ್ಜೆ ಮ್ಯೂಟ್, ‘ಯಾವಾಗಲೂ’ ಎಂಬ ಆಯ್ಕೆ ಒತ್ತಿ, ಎರಡನೆಯದು ಆರ್ಕೈವ್. ಯಾರಾದರೂ ನಿಮ್ಮ ಹೆಸರು ಹಾಕಿ ಕರೆದರೆ ಮಾತ್ರ ಮ್ಯೂಟ್ ಇದ್ದರೂ ಸೂಚನೆ ಬರಬಹುದು, ಅದು ಒಳ್ಳೆಯದೇ. ಇಷ್ಟರಲ್ಲಿ ತಡೆದುಕೊಳ್ಳಬಹುದಾದರೆ ಅಲ್ಲೇ ನಿಲ್ಲಿ.

ಆಗುವುದಿಲ್ಲ ಎಂದಾದರೆ ಕಾರ್ಯದರ್ಶಿಗೆ ಒಂದು ಸಲಹೆ ಕೊಡಿ: ಅಡ್ಮಿನ್‌ಗಳು ಮಾತ್ರ ಬರೆಯಬಲ್ಲ ಒಂದು ಸೂಚನಾ ಗುಂಪು ಬೇರೆ ಇರಲಿ. ಸೊಸೈಟಿ ಈಗಾಗಲೇ ವಾಟ್ಸಾಪಿನ ಕಮ್ಯುನಿಟಿ ಮಾಡಿಕೊಂಡಿದ್ದರೆ ಅಂಥದ್ದು ಅದರಲ್ಲೇ ಇರುತ್ತದೆ. ಆಗ ಹರಟೆಯ ಗುಂಪನ್ನು ಮಾತ್ರ ಬಿಡಿ. ಅವಸರದಲ್ಲಿ ಇಡೀ ಕಮ್ಯುನಿಟಿಯಿಂದ ಹೊರಬಂದರೆ ಅದರ ಒಳಗಿನ ಎಲ್ಲ ಗುಂಪುಗಳಿಂದಲೂ ಒಟ್ಟಿಗೆ ಹೊರಬಿದ್ದಿರುತ್ತೀರಿ, ಟ್ಯಾಂಕರಿನ ಸುದ್ದಿಯೂ ಹೋಯಿತು.

ಗುಂಪು ಬಿಟ್ಟರೆ ಸೊಸೈಟಿ ಸಭೆಯ ಹಕ್ಕು ಹೋಗುತ್ತದೆಯೇ ಎಂದು ಕೆಲವರು ಹೆದರುತ್ತಾರೆ. ಹೋಗುವುದಿಲ್ಲ. ಮಹಾರಾಷ್ಟ್ರದ ಸಹಕಾರಿ ಹೌಸಿಂಗ್ ಸೊಸೈಟಿಗಳು ವಾರ್ಷಿಕ ಸಾಮಾನ್ಯ ಸಭೆಯನ್ನು ಸೆಪ್ಟೆಂಬರ್ 30ರ ಒಳಗೆ ಕರೆಯಬೇಕು, ಮಾದರಿ ಉಪವಿಧಿಗಳ ಪ್ರಕಾರ 14 ಪೂರ್ಣ ದಿನಗಳ ಮುಂಚಿನ ನೋಟಿಸ್ ಬೇಕು. ಆ ನೋಟಿಸ್ ಬರುವ ದಾರಿ ಬೇರೆ. ನಿಮ್ಮ ಈಮೇಲ್ ವಿಳಾಸ ಸೊಸೈಟಿಯ ದಾಖಲೆಯಲ್ಲಿ ಸರಿಯಾಗಿದೆಯೇ ಎಂದು ಕಾರ್ಯದರ್ಶಿಗೆ ಬರೆದು ಖಚಿತಪಡಿಸಿಕೊಳ್ಳಿ, ಲಿಫ್ಟ್ ಪಕ್ಕದ ನೋಟಿಸ್ ಬೋರ್ಡ್ ಮೇಲೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಒಂದು ಕಣ್ಣಿಡಿ. ನೀವು ಕಮಿಟಿಯಲ್ಲೇ ಇದ್ದರೆ ವಿಷಯ ಬೇರೆ. ಗುಂಪು ಬಿಟ್ಟದ್ದು ರಾಜೀನಾಮೆ ಆಗುವುದಿಲ್ಲ, ಹೊಣೆ ನಿಮ್ಮ ಮೇಲೇ ಇರುತ್ತದೆ. ರಾಜೀನಾಮೆಯನ್ನು ಕಾಗದದಲ್ಲಿ ಬರೆದು ಕೊಡಬೇಕು, ಗುಂಪು ಆಮೇಲೆ.

ಮತ್ತೆ ಸಂಘದ ಗುಂಪಿಗೆ ಬರೋಣ. ಎಲ್ಲ ಸರಿಯಾಗಿ ಮಾಡಿ ಹೊರಬಂದ ಮೇಲೂ ಮುಂದಿನ ಅಕ್ಟೋಬರಿನಲ್ಲಿ ಹಳೆಯ ಪಟ್ಟಿ ಹಿಡಿದು ಹೊಸ ಇಸವಿಯ ಗುಂಪು ಮಾಡುತ್ತಾರೆ, ನೀವು ಮತ್ತೆ ಒಳಗೆ. ಅದರಲ್ಲಿ ದುರುದ್ದೇಶ ಇಲ್ಲ, ಪಟ್ಟಿಯ ತಪ್ಪು. ಇದನ್ನು ತಡೆಯಲು ಸೆಟ್ಟಿಂಗ್ಸ್‌ನಲ್ಲಿ Privacy, ಅದರೊಳಗೆ Groups ತೆರೆದು My contacts except ಆರಿಸಿ ಆ ಇಬ್ಬರು ಮೂವರು ಗುಂಪು ಕಟ್ಟುವವರ ಹೆಸರಿಗೆ ಗುರುತು ಹಾಕಿ. ಆಮೇಲೆ ಅವರು ಸೇರಿಸಲು ಹೋದರೆ ಆಗುವುದಿಲ್ಲ, ನಿಮಗೆ ಖಾಸಗಿಯಾಗಿ ಒಂದು ಆಹ್ವಾನ ಕಳಿಸುವ ಅವಕಾಶ ಮಾತ್ರ ಸಿಗುತ್ತದೆ. ಅದು ಮೂರು ದಿನದಲ್ಲಿ ತಾನೇ ರದ್ದಾಗುತ್ತದೆ. ಆದರೂ ಮೂರು ದಿನ ಬಾಯಿ ಮುಚ್ಚಿ ಕೂರಬೇಡಿ, ಅಷ್ಟು ಹೊತ್ತು ಅವರು ಕಾಯುತ್ತಿರುತ್ತಾರೆ. ‘ಅಣ್ಣ, ಈ ವರ್ಷ ಸಮಿತಿಯಲ್ಲಿ ಇರೋದಿಲ್ಲ, ವರ್ಗಣಿ ನಂದು ಕಳಿಸ್ತೇನೆ’ ಎಂದರೆ ಆಯಿತು, ಅಂದೇ ಯುಪಿಐ ಮಾಡಿ ಸ್ಕ್ರೀನ್‌ಶಾಟ್ ಕಳಿಸಿದರೆ ಇನ್ನೂ ಚೆನ್ನ.

ಇನ್ನು ಉಳಿದದ್ದು ನಿಮ್ಮ ಫೋನಿನ ಕೆಲಸ. ಹೊರಬಂದ ಗುಂಪು ಚಾಟ್ ಪಟ್ಟಿಯಲ್ಲಿ ಹಾಗೇ ಕೂತಿರುತ್ತದೆ, ಹಳೆಯದನ್ನು ಓದಬಹುದು, ಬರೆಯಲಾಗುವುದಿಲ್ಲ. ಖಜಾಂಚಿಯ ‘ಮುಟ್ಟಿದೆ’ ಎಂಬ ಸಾಲು ಖಾಸಗಿ ಚಾಟಿನಲ್ಲಿದೆ, ಅದಕ್ಕೆ ಕೈ ಹಚ್ಚಬೇಡಿ. ಗುಂಪನ್ನು ಅಳಿಸುವಾಗ, ಅದರಿಂದ ಬಂದ ಫೋಟೊಗಳನ್ನೂ ಗ್ಯಾಲರಿಯಿಂದ ಅಳಿಸಲೇ ಎಂದು ಒಂದು ಚೌಕ ಕೇಳಬಹುದು. ಅದರಲ್ಲಿ ಟಿಕ್ ಇದ್ದರೆ ತೆಗೆಯಿರಿ, ವೇದಿಕೆಯ ಮೇಲೆ ಮಗಳು ಕುಣಿದ ಒಳ್ಳೆಯ ಫೋಟೊ ತೆಗೆದವರು ಆ ಶುಭೋದಯದ ಹಿರಿಯರೇ ಆಗಿರಬಹುದು.